‘ಏನ್ ಹೊಡೀಬೇಕ್ರಿ?’ – ಸಂದರ್ಶನದ ಒಂದೇ ಪ್ರಶ್ನೆ, ಮೆಣಸಿನ ಹೊಲದ ಉತ್ತರ

ಕಳೆದ ಸೆಪ್ಟೆಂಬರ್‌ನಲ್ಲಿ ನಮ್ಮ ಭಾಗದ ಒಂದು ರೈತ ಉತ್ಪಾದಕರ ಕಂಪನಿಯವರು ಕ್ಷೇತ್ರ ಸಿಬ್ಬಂದಿ ಆಯ್ಕೆಗೆ ಸಂದರ್ಶನ ಇಟ್ಟಿದ್ದರು. ಕೇಳುವವರ ಸಾಲಿನಲ್ಲಿ ನನ್ನನ್ನೂ ಕೂರಿಸಿದರು. ಬಂದಿದ್ದವರೆಲ್ಲ ಬಿಎಸ್ಸಿ ಕೃಷಿ ಅಥವಾ ತೋಟಗಾರಿಕೆ ಓದಿದ ಹುಡುಗ, ಹುಡುಗಿಯರು. ಪುಸ್ತಕದ ಪ್ರಶ್ನೆ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಹಾವೇರಿ ಜಿಲ್ಲೆಯ ಒಬ್ಬ ಹಿರಿಯ ಸದಸ್ಯರು ಅವತ್ತೇ ಬೆಳಿಗ್ಗೆ ತಮ್ಮ ಬ್ಯಾಡಗಿ ಮೆಣಸಿನ ಹೊಲದಿಂದ ನಾಲ್ಕು ಟೊಂಗೆ ಕಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಪ್ರಶ್ನೆ ಕೇಳಿದ್ದೂ ಅವರೇ:

‘ಮೆಣಸಿನ ಗಿಡಕ್ಕ ಮುಟುರು ಬಂದೈತಿ. ಏನ್ ಹೊಡೀಬೇಕು?’

ಮೇಜಿನ ಮೇಲೆ ಆ ಟೊಂಗೆ, ಒಂದು ಕೈ ಲೆನ್ಸ್, ಒಂದು ಬಿಳಿ ಹಾಳೆ, ಒಂದು ಪೆನ್ನು ಇಟ್ಟಿದ್ದೆವು. ಮುಟ್ಟಿ ಅಂತಲೂ ಹೇಳಲಿಲ್ಲ, ಮುಟ್ಟಬೇಡಿ ಅಂತಲೂ ಹೇಳಲಿಲ್ಲ.

ಈ ಕೆಲಸಕ್ಕೆ ಹೋಗುವವರಿಗೂ, ಊರಲ್ಲಿ ನಾಲ್ಕು ಜನಕ್ಕೆ ಸಲಹೆ ಕೊಡುವವರಿಗೂ, ಸಲಹೆ ಪಡೆಯುವ ರೈತರಿಗೂ ಉಪಯೋಗ ಆಗಲಿ ಅಂತ ಆ ಒಂದೇ ಪ್ರಶ್ನೆಯನ್ನು ಈ ವಾರ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ನಾನು ತಪ್ಪಿದ್ದು

ಇದೇ ಪ್ರಶ್ನೆಯನ್ನು ಹತ್ತು ವರ್ಷದ ಹಿಂದೆ ನನಗೂ ಕೇಳಿದ್ದರು. ಡಿಗ್ರಿ ಮುಗಿಸಿ, ಔಷಧಿ ಮಾರುವ ಒಂದು ಕಂಪನಿಯ ಸಂದರ್ಶನಕ್ಕೆ ಹೋಗಿದ್ದೆ. ಪ್ರಶ್ನೆ ಮುಗಿಯುವ ಮೊದಲೇ ಎರಡು ಔಷಧಿಯ ಹೆಸರು, ಲೀಟರಿಗೆ ಎಷ್ಟು ಮಿಲಿ ಅನ್ನೋದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅವರಿಗೆ ಖುಷಿಯಾಯಿತು, ನೌಕರಿಯೂ ಸಿಕ್ಕಿತು.

ಎರಡನೇ ತಿಂಗಳಲ್ಲಿ ಒಬ್ಬ ರೈತರು ಫೋನ್ ಮಾಡಿ ಅದೇ ಮಾತು ಕೇಳಿದರು. ನಾನೂ ಅದೇ ಉತ್ತರ ಕೊಟ್ಟೆ, ಜೊತೆಗೆ ಪೈರೆಥ್ರಾಯ್ಡ್ ಗುಂಪಿನ ಇನ್ನೊಂದು ಔಷಧಿ ಸೇರಿಸಿ ಹೊಡೀರಿ ಅಂದೆ. ಹತ್ತು ದಿನಕ್ಕೆ ಹೊಲ ಇನ್ನೂ ಕೆಟ್ಟಿತು. ಹೋಗಿ ನೋಡಿದರೆ ಎಲೆಗಳು ಕೆಳಮುಖವಾಗಿ ಮಡಚಿದ್ದವು. ಅದು ಮೈಟ್. ನಾನು ಹೇಳಿದ್ದು ಥ್ರಿಪ್ಸ್‌ಗೆ. ಮೇಲೆ ಸೇರಿಸಿದ ಪೈರೆಥ್ರಾಯ್ಡ್, ಮೈಟನ್ನು ತಿನ್ನುವ ಒಳ್ಳೆಯ ಜೀವಿಗಳನ್ನೇ ಕೊಂದು ಮೈಟಿಗೆ ದಾರಿ ಮಾಡಿಕೊಟ್ಟಿತ್ತು. ಆ ರೈತರು ಬೈಯಲಿಲ್ಲ. ‘ಒಮ್ಮೆ ಹೊಲಕ್ಕ ಬಂದು ನೋಡಿ ಹೇಳಿದ್ರ ಚಲೋ ಇತ್ರಿ’ ಅಂದರು ಅಷ್ಟೇ. ಎರಡು ಸಲದ ಔಷಧಿ, ಆಳಿನ ಕೂಲಿ, ಒಂದು ಕೊಯ್ಲಿನ ಕಾಯಿ ಅವರ ಲೆಕ್ಕದಲ್ಲಿ ಹೋಯಿತು. ನನ್ನ ಸಂಬಳದಲ್ಲಿ ಒಂದು ರೂಪಾಯಿ ಕಡಿಮೆಯಾಗಲಿಲ್ಲ.

ಈ ಪ್ರಶ್ನೆಯನ್ನು ಇವತ್ತು ನಾನು ಕೇಳಿಸುವುದು ಅದಕ್ಕೇ.

‘ಮುಟುರು’ ಅಂದರೆ ಒಂದೇ ರೋಗ ಅಲ್ಲ

ರೈತರು ಮುಟುರು ಅನ್ನೋದು ಲಕ್ಷಣಕ್ಕೆ. ಜ್ವರ ಅಂದಂತೆ ಅದು. ಮೆಣಸಿನಲ್ಲಿ ಎಲೆ ಮುದುಡಲು ಮುಖ್ಯವಾಗಿ ನಾಲ್ಕು ಕಾರಣ ಇವೆ, ನಾಲ್ಕಕ್ಕೂ ಮಾಡಬೇಕಾದ್ದು ಬೇರೆ ಬೇರೆ. ಇನ್ನೊಂದು ಗೊಂದಲ ಹೆಸರಿನದು. ನಮ್ಮಲ್ಲಿ ಥ್ರಿಪ್ಸ್‌ಗೂ ನುಸಿ ಅಂತಾರೆ, ಮೈಟಿಗೂ ನುಸಿ ಅಂತಾರೆ. ‘ನುಸಿ ಐತ್ರಿ’ ಅಂದರೆ ಯಾವ ನುಸಿ ಅಂತ ತಿಳಿಯದೆ ಮುಂದೆ ಹೋಗಬಾರದು.

ಥ್ರಿಪ್ಸ್ ಇದ್ದರೆ ಎಲೆಯ ಅಂಚು ಮೇಲಕ್ಕೆ ಏಳುತ್ತದೆ, ಎಲೆ ದೋಣಿಯ ಹಾಗೆ ಕಾಣುತ್ತದೆ. ಎಲೆಯ ಕೆಳಗೆ ಬೆಳ್ಳಿ ಬಣ್ಣದ, ಆಮೇಲೆ ಕಂದಾಗುವ ಗೀರುಗಳು ಇರುತ್ತವೆ. ಕೀಟ ಸುಮಾರು ಒಂದು ಮಿಲಿಮೀಟರ್, ಕಣ್ಣಿಗೆ ಕಾಣುತ್ತದೆ. ಒಣ ಹವೆಯಲ್ಲಿ ಜಾಸ್ತಿ. ಇದರಲ್ಲೇ ಕಪ್ಪು ಥ್ರಿಪ್ಸ್ ಅನ್ನೋದು 2021ರಲ್ಲಿ ಆಂಧ್ರ, ತೆಲಂಗಾಣ, ನಮ್ಮ ಕರ್ನಾಟಕದ ಮೆಣಸಿಗೆ ದೊಡ್ಡ ಹೊಡೆತ ಕೊಟ್ಟಿತು. ಅದು ಹೂವಿನೊಳಗೆ ಗುಂಪಾಗಿ ಇರುತ್ತದೆ. ಆದ್ದರಿಂದ ಎಲೆ ನೋಡಿದರೆ ಸಾಲದು, ಹೂ ಬಿಚ್ಚಿಯೂ ನೋಡಬೇಕು.

ಮೈಟ್ ಇದ್ದರೆ ಎಲೆಯ ಅಂಚು ಕೆಳಕ್ಕೆ ಮಡಚುತ್ತದೆ, ದೋಣಿ ಮಗುಚಿ ಹಾಕಿದ ಹಾಗೆ. ಎಲೆಯ ತೊಟ್ಟು ಇಲಿ ಬಾಲದಂತೆ ಉದ್ದವಾಗುತ್ತದೆ. ಚಿಗುರೆಲೆ ಕಿರಿದಾಗಿ, ಕಡುಹಸಿರಾಗಿ, ಮುಟ್ಟಿದರೆ ಗಡುಸಾಗಿ ಮುರಿಯುತ್ತದೆ. ಈ ನುಸಿ ಬರಿಗಣ್ಣಿಗೆ ಕಾಣುವುದಿಲ್ಲ, 10 ಪಟ್ಟು ದೊಡ್ಡದು ಮಾಡುವ ಲೆನ್ಸ್ ಬೇಕು. ಮೋಡ, ತೇವ, ಬೆಚ್ಚಗಿನ ಹವೆ ಇದ್ದರೆ ಒಂದು ವಾರದೊಳಗೆ ಹೊಸ ತಲೆಮಾರು ತಯಾರಾಗುತ್ತದೆ.

ಎಲೆಮುದುಡು ನಂಜು ರೋಗ ಬಿಳಿನೊಣದಿಂದ ಹರಡುತ್ತದೆ. ಎಲೆ ಚಿಕ್ಕದಾಗಿ ಒತ್ತೊತ್ತಾಗಿ ಬರುತ್ತದೆ, ಗೆಣ್ಣುಗಳು ಹತ್ತಿರವಾಗಿ ಗಿಡ ಕುಳ್ಳಾಗುತ್ತದೆ. ಒಂದು ಗಿಡ ಪೂರ್ತಿ ಹೋಗಿರುತ್ತದೆ, ಪಕ್ಕದ್ದು ಚೆನ್ನಾಗಿರುತ್ತದೆ. ನಂಜು ಹತ್ತಿದ ಗಿಡವನ್ನು ವಾಸಿ ಮಾಡುವ ಔಷಧಿ ಇಲ್ಲ. ಬೆಳೆ ಎಳೆಯದಿದ್ದು, ಅಲ್ಲೊಂದು ಇಲ್ಲೊಂದು ಗಿಡಕ್ಕೆ ಬಂದಿದ್ದರೆ ಕಿತ್ತು ಹೂಳಬೇಕು, ಬಿಳಿನೊಣ ಹತೋಟಿ ಮಾಡಬೇಕು.

ನಾಲ್ಕನೆಯದು ಕಳೆನಾಶಕ. ಪಕ್ಕದ ಗೋವಿನಜೋಳಕ್ಕೆ 2,4-ಡಿ ಹೊಡೆದಾಗ ಗಾಳಿಗೆ ಹಾರಿ ಬಂದಿರಬಹುದು, ಅಥವಾ ಕಳೆನಾಶಕ ಹೊಡೆದ ಪಂಪನ್ನು ಸರಿಯಾಗಿ ತೊಳೆಯದೆ ಮೆಣಸಿಗೆ ಬಳಸಿರಬಹುದು. ಎಲೆ ಪಟ್ಟಿಯಂತೆ ಕಿರಿದಾಗಿ, ನರಗಳು ಒತ್ತಾಗಿ, ಟೊಂಗೆ ತಿರುಚಿಕೊಳ್ಳುತ್ತದೆ. ಹೊಲದ ಒಂದು ಬದಿಯಲ್ಲಿ ಜಾಸ್ತಿ, ಒಳಗೆ ಹೋದಂತೆ ಕಡಿಮೆ. ಲೆನ್ಸ್ ಹಿಡಿದು ಹುಡುಕಿದರೂ ಹುಳ ಸಿಗುವುದಿಲ್ಲ. ಇದಕ್ಕೆ ಏನೂ ಹೊಡೆಯಬಾರದು, ನೀರು ಕೊಟ್ಟು ಹೊಸ ಚಿಗುರಿಗೆ ಕಾಯಬೇಕು.

ಮೂರು ಜನ, ಮೂರು ಉತ್ತರ

ಮೊದಲ ಹುಡುಗ ಹತ್ತು ವರ್ಷದ ಹಿಂದಿನ ನಾನೇ. ಮೂರು ಔಷಧಿಯ ಹೆಸರು ಹೇಳಿ ಕೈ ಕಟ್ಟಿ ಕೂತ. ‘ಎಲೆ ಮೇಲಕ್ಕೆ ಮುದುಡಿದೆಯೋ ಕೆಳಕ್ಕೋ?’ ಅಂತ ಕೇಳಿದೆ. ಟೊಂಗೆ ಅವನ ಕೈಯಳತೆಯಲ್ಲೇ ಇತ್ತು, ಆದರೂ ಅವನು ನನ್ನ ಮುಖ ನೋಡಿದ.

ಎರಡನೆಯವನಿಗೆ ವಿಷಯ ಗೊತ್ತಿತ್ತು. ಥ್ರಿಪ್ಸ್, ಮೈಟ್, ನಂಜು ರೋಗ ಮೂರನ್ನೂ ಶಾಸ್ತ್ರೀಯ ಹೆಸರಿನ ಸಮೇತ ಐದು ನಿಮಿಷ ವಿವರಿಸಿದ. ಪ್ರಮಾಣವನ್ನು ಹೆಕ್ಟೇರ್ ಲೆಕ್ಕದಲ್ಲಿ ಹೇಳಿದ. ಹಿರಿಯರು ಎಲ್ಲ ಕೇಳಿ, ‘ತಮ್ಮಾ, ಚಲೋ ಹೇಳಿದಿ. ಈಗ ನಾ ಮನಿಗೆ ಹೋಗಿ ಏನ್ ಮಾಡ್ಲಿ?’ ಅಂದರು. ಅದಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ.

ಮೂರನೆಯವಳು ಗದಗ ಕಡೆಯ ಹುಡುಗಿ. ಔಷಧಿಯ ಹೆಸರು ಹೇಳಲಿಲ್ಲ. ‘ಕಾಕಾರ, ಈ ಟೊಂಗಿ ನಿಮ್ಮ ಹೊಲದ್ದೇನ್ರಿ? ನೋಡ್ಲೇನ್ರಿ?’ ಅಂತ ಚೀಲ ಬಿಚ್ಚಿದಳು. ಆಮೇಲೆ ನಡೆದ ಮಾತು ಹೆಚ್ಚು ಕಡಿಮೆ ಹೀಗಿತ್ತು.

‘ನಾಟಿ ಮಾಡಿ ಎಷ್ಟ ದಿನಾ ಆತ್ರಿ?’

‘ಎರಡ ತಿಂಗಳಾತು.’

‘ಮುಟುರು ಎಲ್ಲಿಂದ ಚಾಲೂ ಆತ್ರಿ? ಬದುವಿನ ಕಡಿಂದೋ, ನಡುವ ಅಲ್ಲಲ್ಲೋ?’

‘ನಡುವ ಅಲ್ಲಲ್ಲಿ ತಗ್ಗಿನ್ಯಾಗ. ಈಗ ಹಬ್ಬಾಕ ಹತ್ತೇತಿ.’

‘ಇದಕ್ಕ ಮೊದಲ ಏನರ ಹೊಡ್ದೀರೇನ್ರಿ? ಯಾವಾಗ?’

‘ಎಂಟ ದಿನದ ಹಿಂದ. ಅಂಗಡ್ಯಾಂವ ಎರಡ ಬಾಟ್ಲಿ ಕೊಟ್ಟಾ, ಕೂಡಿಸಿ ಹೊಡದ್ವಿ.’

‘ಬಾಟ್ಲಿ ಇಟ್ಟೀರೇನ್ರಿ? ಮನ್ಯಾಗ ಯಾರರ ಇದ್ರ ಫೋಟೋ ತಗದು ಕಳಸಾಕ ಹೇಳ್ರಿ.’

‘ಮಗಾ ಇದ್ದಾನ.’

‘ಪಂಪಿನ್ಯಾಗ ಕಳೆ ಔಷಧಿ ಹೊಡದಿದ್ರೇನ್ರಿ? ಬಾಜೂ ಹೊಲದಾಗ?’

‘ಇಲ್ಲವಾ. ಕಳೆಕ್ಕ ಬ್ಯಾರೆ ಪಂಪ್ ಐತಿ.’

ಫೋಟೋ ಬಂತು. ಎರಡು ಬಾಟಲಿಗಳಲ್ಲಿ ಒಂದು ಪೈರೆಥ್ರಾಯ್ಡ್. ಅಷ್ಟರಲ್ಲಿ ಅವಳು ಟೊಂಗೆಯನ್ನು ಬಿಳಿ ಹಾಳೆಯ ಮೇಲೆ ನಾಲ್ಕು ಸಲ ಕೊಡವಿದ್ದಳು. ಒಂದೋ ಎರಡೋ ಥ್ರಿಪ್ಸ್ ಹರಿದಾಡಿದವು ಅಷ್ಟೇ. ಆಮೇಲೆ ತುದಿಯ ಚಿಗುರೆಲೆ ಕಿತ್ತು, ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದು ಲೆನ್ಸ್‌ನಲ್ಲಿ ನೋಡಿದಳು. ನೋಡಿ ಲೆನ್ಸನ್ನು ಹಿರಿಯರ ಕೈಗೇ ಕೊಟ್ಟಳು. ‘ಬೆಳ್ಳನ ಚುಕ್ಕಿ ಕಾಣ್ತಾವೇನ್ರಿ? ಅವು ತತ್ತಿ. ಹಳದಿ ನೀರಿನ ಹನಿ ಹಂಗ ಓಡ್ಯಾಡೋವು ನುಶಿ.’ ಹಿರಿಯರು ಬಹಳ ಹೊತ್ತು ನೋಡಿದರು. ಇಷ್ಟು ವರ್ಷ ಮೆಣಸು ಬೆಳೆದವರು, ಈ ನುಸಿಯನ್ನು ಕಣ್ಣಾರೆ ನೋಡಿದ್ದು ಅವತ್ತೇ ಅಂತೆ.

ಇಲ್ಲಿ ಗಮನಿಸಬೇಕಾದ್ದು ಪ್ರಶ್ನೆಗಳ ಕ್ರಮ. ಒಂದೊಂದು ಪ್ರಶ್ನೆಯೂ ಒಂದೊಂದು ಕಾರಣವನ್ನು ದೂರ ಮಾಡುತ್ತಿತ್ತು. ಬದುವಿನ ಕಡೆಯಿಂದ ಶುರುವಾಗಿಲ್ಲ, ಪಂಪ್ ಬೇರೆ – ಕಳೆನಾಶಕದ ಅನುಮಾನ ಹೋಯಿತು. ಮುದುಡಿದ್ದು ಕೆಳಕ್ಕೆ, ಹಾಳೆ ಮೇಲೆ ಹುಳ ಕಡಿಮೆ – ಥ್ರಿಪ್ಸ್ ಮುಖ್ಯ ಅಲ್ಲ. ಎಂಟು ದಿನದ ಹಿಂದಿನ ಬಾಟಲಿ ಮತ್ತು ಆ ವಾರದ ಮೋಡ – ಮೈಟ್ ಯಾಕೆ ಏರಿತು ಅನ್ನೋದಕ್ಕೆ ಕಾರಣ ಸಿಕ್ಕಿತು. ಕೊನೆಗೆ ಲೆನ್ಸ್ ಅದನ್ನು ಖಾತ್ರಿ ಮಾಡಿತು.

ಆದರೂ ಅವಳು ಇನ್ನೊಂದು ಮಾತು ಸೇರಿಸಿದಳು: ‘ನಾಕ ಟೊಂಗಿ ನೋಡಿ ಇಡೀ ಹೊಲದ್ದ ಹೇಳಾಕ ಆಗಂಗಿಲ್ರಿ. ಹೊಲ ನೋಡ್ಬೇಕು.’ ರೈತರು ತರುವುದು ಎದ್ದು ಕಾಣುವಷ್ಟು ಕೆಟ್ಟ ಗಿಡದ ಟೊಂಗೆ. ಹೊಲದಲ್ಲಿ ಓರೆಕೋರೆಯಾಗಿ ನಡೆದು, ಐದು ಕಡೆ ನಿಂತು, ಒಂದೊಂದು ಕಡೆ ನಾಲ್ಕು ಗಿಡದಂತೆ 20 ಗಿಡ ನೋಡಿದರೆ ನಿಜವಾದ ಚಿತ್ರ ಸಿಗುತ್ತದೆ. ಬದುವಿನ ಗಿಡ ಮಾತ್ರ ನೋಡಿ ವಾಪಸ್ ಬರಬಾರದು.

ಮರುದಿನ ನಾನೂ ಅವರ ಜೊತೆ ಹೋದೆ. 20ರಲ್ಲಿ 14 ಗಿಡಕ್ಕೆ ಮೈಟ್ ಇತ್ತು. ಮೂರರಲ್ಲಿ ಸ್ವಲ್ಪ ಥ್ರಿಪ್ಸ್. ಒಂದು ಗಿಡ ನಂಜಿನದು, ಅದನ್ನು ಅಲ್ಲೇ ಕಿತ್ತೆವು.

ಸಲಹೆಯನ್ನು ಪಂಪಿನ ಲೆಕ್ಕಕ್ಕೆ ಇಳಿಸುವುದು

ಗುರುತು ಹಿಡಿದದ್ದು ಅರ್ಧ ಕೆಲಸ. ಇನ್ನರ್ಧ ಅದನ್ನು ಹೇಳುವುದು. ಮೈಟಿಗೆ ಹಳೆಯ, ಕಡಿಮೆ ಖರ್ಚಿನ ಮದ್ದು ನೀರಿನಲ್ಲಿ ಕರಗುವ ಗಂಧಕ, ಶೇಕಡಾ 80ರ ಪುಡಿ. ಲೀಟರಿಗೆ 3 ಗ್ರಾಂ. ಆದರೆ ಹೊಲದಲ್ಲಿ ಯಾರೂ ಲೀಟರ್ ಲೆಕ್ಕದಲ್ಲಿ ಹೊಡೆಯುವುದಿಲ್ಲ, ಪಂಪಿನ ಲೆಕ್ಕದಲ್ಲಿ ಹೊಡೆಯುತ್ತಾರೆ.

ಆದ್ದರಿಂದ ಮೊದಲು ಕೇಳಬೇಕಾದ್ದು ‘ನಿಮ್ಮ ಪಂಪ್ ಎಷ್ಟು ಲೀಟರಿಂದು?’ ಅವರದು 16 ಲೀಟರ್. 16 ಮೂರಲಿ 48 ಗ್ರಾಂ. 20 ಲೀಟರ್ ಪಂಪಾದರೆ 60 ಗ್ರಾಂ ಆಗುತ್ತಿತ್ತು. ಕೇಳದೆ ‘ಪಂಪಿಗೆ ಇಷ್ಟು’ ಅಂದರೆ ಇಲ್ಲೇ ತಪ್ಪಾಗುತ್ತದೆ.

ಎರಡನೆಯದು ಜಮೀನು. ಅವರದು 30 ಗುಂಟೆ. ಎರಡು ತಿಂಗಳ ಮೆಣಸಿಗೆ ಎಲೆಯ ಕೆಳಭಾಗ ಚೆನ್ನಾಗಿ ನೆನೆಯಬೇಕಾದರೆ ಎಕರೆಗೆ ಸುಮಾರು 200 ಲೀಟರ್ ನೀರು ಬೇಕು. 30 ಗುಂಟೆಗೆ 150 ಲೀಟರ್, ಅಂದರೆ ಒಂಬತ್ತರಿಂದ ಹತ್ತು ಪಂಪ್. ಅವರು ಇಲ್ಲಿಯವರೆಗೆ ಆರು ಪಂಪಿನಲ್ಲಿ ಮುಗಿಸುತ್ತಿದ್ದರು. ಗಂಧಕ ಗಿಡದೊಳಗೆ ಹರಿಯುವ ಔಷಧಿ ಅಲ್ಲ, ತಗುಲಿದ ಕಡೆ ಮಾತ್ರ ಕೆಲಸ. ನುಸಿ ಇರುವುದು ಎಲೆಯ ಕೆಳಗೆ. ಮೇಲಿಂದ ಬೀಸಿಕೊಂಡು ಹೋದರೆ ದುಡ್ಡು ಹೋಗುತ್ತದೆ, ನುಸಿ ಉಳಿಯುತ್ತದೆ. ಎರಡು ಸಲ ಹೊಡೆಯಲು ಒಂದು ಕಿಲೋ ಪ್ಯಾಕೆಟ್ ಸಾಕು.

48 ಗ್ರಾಂ ಅಳೆಯುವುದು ಹೇಗೆ? ‘ಎರಡು ಚಮಚ’ ಅನ್ನಬೇಡಿ, ಒಬ್ಬೊಬ್ಬರ ಮನೆಯ ಚಮಚ ಒಂದೊಂದು. ಅಂಗಡಿಯ ತೂಕದಲ್ಲಿ ಒಂದೇ ಸಲ 48 ಗ್ರಾಂ ತೂಗಿ, ಹಳೇ ಪ್ಲಾಸ್ಟಿಕ್ ಲೋಟಕ್ಕೆ ಹಾಕಿ, ಎಲ್ಲಿಗೆ ಬಂತೋ ಅಲ್ಲಿ ಗೀರು ಹಾಕಿಸಿ. ಆ ಪುಡಿಗೆ, ಆ ಪಂಪಿಗೆ ಅದೇ ಅಳತೆ. ಲೋಟ ಪಂಪಿನ ಜೊತೆಗೇ ಇರಬೇಕು, ಅಡುಗೆಮನೆಗೆ ಹೋಗಬಾರದು.

ಮೂರು ಎಚ್ಚರಿಕೆ ಬಿಡುವ ಹಾಗಿಲ್ಲ. ಬಿಸಿಲೇರಿದ ಮೇಲೆ ಗಂಧಕ ಹೊಡೆದರೆ ಎಲೆ ಸುಡುತ್ತದೆ, ಬೆಳಿಗ್ಗೆ ಬೇಗ ಅಥವಾ ಸಂಜೆ ಹೊಡೆಯಬೇಕು. ಬೇವಿನೆಣ್ಣೆಯೂ ಸೇರಿ ಯಾವುದೇ ಎಣ್ಣೆಯ ಜೊತೆ ಗಂಧಕ ಬೆರೆಸಬಾರದು, ಎರಡರ ನಡುವೆ ಎರಡು ವಾರ ಅಂತರ ಇರಬೇಕು. ಹೊಡೆಯುವವರು ಮೂಗು, ಕಣ್ಣು ಮುಚ್ಚಿಕೊಳ್ಳಬೇಕು.

ನಾನು ಸಾವಯವ ಮಾಡುವವನು. ನನ್ನ ಹೊಲದಲ್ಲಿ ಥ್ರಿಪ್ಸ್ ಬಂದರೆ ಶೇಕಡಾ 5ರ ಬೇವಿನ ಬೀಜದ ಕಷಾಯ – 100 ಲೀಟರ್ ನೀರಿಗೆ 5 ಕಿಲೋ ಬೀಜದ ತಿರುಳು – ಮತ್ತು ನೀಲಿ ಅಂಟುಬಲೆ ಬಳಸುತ್ತೇನೆ. ಆದರೆ ಮುಟುರು ಹಬ್ಬಿದ ದಿನ ರೈತರ ಮುಂದೆ ಸಾವಯವದ ಭಾಷಣ ಶುರುಮಾಡಿದರೆ ಅದೂ ಆ ಎರಡನೇ ಹುಡುಗನ ಉತ್ತರದ ಹಾಗೆಯೇ.

ವಾಪಸ್ ಹೇಳಿಸುವುದು

ಹುಡುಗಿ ಕೊನೆಯಲ್ಲಿ ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು: ‘ಔಷಧಿ ಹೊಡಿಯೋರು ಯಾರ್ರಿ?’ ಹೊಡೆಯುವವನು ಮಗ. ಅಂದರೆ ಸಲಹೆ ಒಂದು ಬಾಯಿಂದ ಇನ್ನೊಂದು ಕಿವಿಗೆ ಹೋಗಬೇಕು. ಉದ್ದ ಇದ್ದಷ್ಟೂ ದಾರಿಯಲ್ಲಿ ಉದುರುತ್ತದೆ. ಅವಳು ಚೀಟಿಯಲ್ಲಿ ಬರೆದದ್ದು ಇಷ್ಟೇ:

ಗಂಧಕದ ಪುಡಿ, ಪಂಪಿಗೆ ಗೀರಿನ ತನಕ ಒಂದು ಲೋಟ. ಒಟ್ಟು ಹತ್ತು ಪಂಪ್.
ಸಂಜೆ ಹೊತ್ತು, ಎಲೆ ಕೆಳಗಿಂದ. ಬೇರೆ ಯಾವ ಔಷಧಿಯೂ ಕೂಡಿಸಬಾರದು.
ಎಂಟು ದಿನಕ್ಕೆ ಇನ್ನೊಮ್ಮೆ. ಹೊಸ ಚಿಗುರು ನೋಡಿ, ಹಳೇ ಎಲೆ ನೋಡಬೇಡಿ.

ಬರೆದು ಕೊಟ್ಟು, ‘ಮನಿಗೆ ಹೋಗಿ ಮಗಗ ಹೆಂಗ ಹೇಳ್ತೀರಿ, ನನಗ ಒಮ್ಮೆ ಹೇಳ್ರಿ’ ಅಂದಳು. ‘ತಿಳೀತೇನ್ರಿ?’ ಅಂತ ಕೇಳಿದರೆ ಎಲ್ಲರೂ ತಿಳೀತು ಅಂತಲೇ ಅನ್ನುತ್ತಾರೆ, ಇಲ್ಲ ಅನ್ನಲು ಸಂಕೋಚ. ವಾಪಸ್ ಹೇಳಿಸಿದರೆ ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತದೆ. ಹಿರಿಯರು ಎಲ್ಲ ಸರಿ ಹೇಳಿ, ‘ಉಳದ ಆ ಬಾಟ್ಲಿನೂ ಒಂದೀಟು ಹಾಕ್ತೇವಿ’ ಅಂದುಬಿಟ್ಟರು. ಸಿಕ್ಕಿತು ನೋಡಿ! ಆ ಬಾಟಲಿಯೇ ಮೈಟ್ ಏರಿಸಿದ್ದು ಅಂತ ಅವಳು ಮತ್ತೊಮ್ಮೆ ಬಿಡಿಸಿ ಹೇಳಿದಳು.

ಚೀಟಿಯ ಕೊನೆ ಸಾಲು ಬಹಳ ಮುಖ್ಯ. ಒಮ್ಮೆ ಮುದುಡಿದ ಎಲೆ ಯಾವ ಔಷಧಿಗೂ ಬಿಚ್ಚಿಕೊಳ್ಳುವುದಿಲ್ಲ. ಇದನ್ನು ಮೊದಲೇ ಹೇಳದಿದ್ದರೆ ನಾಲ್ಕನೇ ದಿನ ಹಳೇ ಎಲೆ ನೋಡಿ, ‘ಹತ್ತಲಿಲ್ಲ’ ಅಂತ ಇನ್ನೊಂದು ಅಂಗಡಿಗೆ ಹೋಗುತ್ತಾರೆ.

ಕಂಪನಿಯ ನಿರ್ದೇಶಕರು ಒಂದು ಅಡ್ಡ ಪ್ರಶ್ನೆ ಹಾಕಿದರು. ‘ನಮ್ಮ ಮಳಿಗೆಯಲ್ಲಿ ಗಂಧಕ ಖಾಲಿ, ಬೇರೆ ದುಬಾರಿ ಔಷಧಿ ಇದೆ, ನಿಮಗೆ ತಿಂಗಳ ಮಾರಾಟದ ಗುರಿಯೂ ಇದೆ. ಏನು ಮಾಡ್ತೀರಿ?’ ಅವಳು ಸ್ವಲ್ಪ ಯೋಚಿಸಿ, ‘ಆ ಔಷಧಿ ಲೇಬಲ್ ಮ್ಯಾಲೆ ಮೆಣಸು, ಮೈಟ್ ಎರಡೂ ಇದ್ರ ಅದೂ ಐತಿ ಅಂತ ರೇಟ್ ಸಹಿತ ಹೇಳ್ತೇನ್ರಿ. ಇಲ್ಲಂದ್ರ ಗಂಧಕ ಎಲ್ಲಿ ಸಿಗ್ತದ ಅಂತ ಹೇಳ್ತೇನಿ’ ಅಂದಳು. ಗುರಿ ತಪ್ಪಿದರೆ ಅನ್ನುವುದಕ್ಕೆ ಅವಳ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮ ಹತ್ತಿರವೂ ಇರಲಿಲ್ಲ. ಗಂಧಕವನ್ನು ಮಳಿಗೆಯಲ್ಲಿ ಇಡುವುದು ಅಂತ ಮಾತ್ರ ಅವತ್ತು ತೀರ್ಮಾನವಾಯಿತು.

ಎರಡು ಸಲ ಹೊಡೆದ ಮೇಲೆ, ಹನ್ನೆರಡನೇ ದಿನ ಆ ಹೊಲ ಮತ್ತೆ ನೋಡಿದೆವು. ಹೊಸ ಚಿಗುರು ಹೆಚ್ಚು ಕಡೆ ಅಗಲವಾಗಿ, ನೇರವಾಗಿ ಬಂದಿತ್ತು. ತಗ್ಗಿನಲ್ಲಿ ಎರಡು ಕಡೆ ಇನ್ನೂ ನುಸಿ ಉಳಿದಿತ್ತು. ಅಲ್ಲಿ ಗಿಡ ಒತ್ತಾಗಿ ಬೆಳೆದು ನಳಿಕೆ ಎಲೆಯ ಕೆಳಗೆ ತಲುಪಿರಲಿಲ್ಲ. ಅಷ್ಟಕ್ಕೆ ಮಾತ್ರ ಇನ್ನೊಮ್ಮೆ ಹೊಡೆಸಿದೆವು. ಮೊದಲು ಮುದುಡಿದ ಗಿಡಗಳ ಒಂದು ಹಂತದ ಹೂ ಉದುರಿದ್ದು ಉದುರಿದ್ದೇ, ಅದು ವಾಪಸ್ ಬರಲಿಲ್ಲ.

ಕೆಲಸ ಆ ಹುಡುಗಿಗೇ ಸಿಕ್ಕಿತು. ಹಿರಿಯರು ಅವತ್ತಿನ ಲೆನ್ಸನ್ನು ಜೇಬಿಗೆ ಹಾಕಿಕೊಂಡು ಹೋದರು, ಇನ್ನೂ ವಾಪಸ್ ಕೊಟ್ಟಿಲ್ಲ.